ಖಾತೆ ಸತ್ತಿಲ್ಲ, ಮಲಗಿದೆ. ಎಬ್ಬಿಸೋದು ಬ್ಯಾಂಕಿನ ಕೆಲಸ



ಪೋಸ್ಟ್ ಉದ್ದ ಐತಿ. ಆದರೂ ಪೂರ್ತಿ ಓದಿ. ನಿಮ್ಮ ಕೇರಿಯಲ್ಲಿ ಅರವತ್ತು ದಾಟಿದವರು ಒಬ್ಬರಿದ್ದರೂ ಇದು ನಿಮಗೆ ಬೇಕಾಗುತ್ತದೆ.

"ನಿಮ್ಮ ಖಾತೆ ಬಂದ್ ಆಗ್ಯಾದ" ಅಂತ ಬ್ಯಾಂಕಿನ ಕೌಂಟರಿನಿಂದ ಒಂದು ಮಾತು ಬರುತ್ತದೆ. ಭಾಲ್ಕಿ, ಔರಾದ್, ಬೀದರ್, ಎಲ್ಲೇ ಹೋಗಿ, ನಮ್ಮ ಮುದುಕರು ಈ ಮಾತು ಕೇಳಿ ಪಾಸ್‌ಬುಕ್ ಸೀರೆ ಸೆರಗಿಗೆ ಕಟ್ಟಿಕೊಂಡು ವಾಪಸ್ ಬರುತ್ತಾರೆ. ಬಂದ್ ಆಗಿದೆ ಅಂದರೆ ರೊಕ್ಕ ಹೋಯಿತು ಅಂತಲೇ ಅವರ ತಿಳುವಳಿಕೆ. ಈ ಮಾತು ಹತ್ತಕ್ಕೆ ಒಂಬತ್ತು ಸಲ ಸುಳ್ಳು. ಖಾತೆ ಬಂದ್ ಆಗಿರೋದಿಲ್ಲ, ನಿಷ್ಕ್ರಿಯ ಆಗಿರುತ್ತದೆ. ಬಂದ್ ಆದ ಖಾತೆ ಬೇರೆ, ನಿಷ್ಕ್ರಿಯ ಖಾತೆ ಬೇರೆ. ನಿಷ್ಕ್ರಿಯ ಖಾತೆಯಲ್ಲಿ ರೊಕ್ಕ ಹಾಗೇ ಇರುತ್ತದೆ, ಉಳಿತಾಯ ಖಾತೆ ಆಗಿದ್ದರೆ ಬಡ್ಡಿಯೂ ಬೀಳುತ್ತಿರುತ್ತದೆ. ಅದನ್ನು ಮತ್ತೆ ಚಾಲೂ ಮಾಡೋಕೆ ಬ್ಯಾಂಕು ಒಂದು ರೂಪಾಯಿ ಫೀ ತಗೊಳ್ಳುವಂತಿಲ್ಲ. ಇದು ನಾನು ಹೇಳೋ ಮಾತಲ್ಲ, ರಿಸರ್ವ್ ಬ್ಯಾಂಕಿನ ನಿಯಮ.

ನನ್ನ ವಾದ ಇಷ್ಟೇ. ನಿಯಮ ಮುದುಕರ ಪರವಾಗಿದೆ. ಕೌಂಟರ್ ಅವರ ವಿರುದ್ಧ ಇದೆ. ನಿಯಮ ಮತ್ತು ಕೌಂಟರ್ ನಡುವೆ ಇರಬೇಕಾದ್ದು ಒಂದು ಹಾಳೆ: ಲಿಖಿತ ಅರ್ಜಿ, ಅದರ ಮೇಲೆ ಬ್ಯಾಂಕಿನ ಸ್ವೀಕೃತಿ ಸೀಲು. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಬಾಯಿಮಾತಿನಲ್ಲೇ "ಇಲ್ಲ" ಅಂತಾರೆ. ಬರೆದು ಕೊಟ್ಟಿದ್ದಕ್ಕೆ "ಇಲ್ಲ" ಅಂತ ಬರೆದು ಕೊಡೋಕೆ ಯಾವ ಮ್ಯಾನೇಜರನೂ ತಯಾರಿರೋದಿಲ್ಲ.

ಹೇಗೆ ಅಂತ ಸಾಯಗಾಂವದ ಒಬ್ಬ ಆಯಿಯ ವಿಷಯ ಇಟ್ಟುಕೊಂಡು ಹೇಳ್ತೀನಿ. ಆಯಿಯ ಹೆಸರು ಬರೆಯಲ್ಲ, ಬ್ಯಾಂಕಿನ ಹೆಸರೂ ಬರೆಯಲ್ಲ. ಯಾವ ಬ್ಯಾಂಕಿಗೆ ಹೋದರೂ ಕಥಿ ಹೆಚ್ಚುಕಡಿಮೆ ಇದೇ.

ಆಯಿಗೆ ಎಪ್ಪತ್ನಾಲ್ಕು ದಾಟಿದೆ, ಗಂಡ ಇಲ್ಲ. 2015ರ ಜನವರಿಯಲ್ಲಿ ಜನಧನ್ ಯೋಜನೆಯಲ್ಲಿ ಖಾತೆ ತೆಗೆಸಿದ್ದರು. ಉದ್ಯೋಗ ಖಾತ್ರಿ ಕೂಲಿ ಅದಕ್ಕೇ ಬರುತ್ತಿತ್ತು. 2021ರ ಮಾರ್ಚಿನಲ್ಲಿ ಕೊನೆಯ ಸಲ ರೊಕ್ಕ ತೆಗೆದು ಮಗಳ ಮನೆಗೆ ಹೈದರಾಬಾದಿಗೆ ಹೋದರು. ಮೂರು ವರ್ಷ ಅಲ್ಲೇ ಇದ್ದರು. ವಾಪಸ್ ಬಂದ ಮೇಲೂ ವೃದ್ಧಾಪ್ಯದ ಪಿಂಚಣಿ ಪೋಸ್ಟ್ ಆಫೀಸಿನಲ್ಲಿ ಸಿಗುತ್ತಿದ್ದರಿಂದ ಬ್ಯಾಂಕಿನ ಕಡೆ ಹೋಗಲಿಲ್ಲ. ಖಾತೆಯಲ್ಲಿ ಹದಿನಾಲ್ಕು ಸಾವಿರ ಚಿಲ್ಲರೆ ಇತ್ತು. 2025ರ ಮಳೆಗಾಲದಲ್ಲಿ ಮನೆಯ ಒಂದು ಗ್ವಾಡಿ ಕುಸಿಯಿತು. ಪತ್ರಾ ಹಾಕಿಸಬೇಕು, ತನ್ನದೇ ರೊಕ್ಕ ಬೇಕು. ಪರಿಹಾರದ ಅರ್ಜಿಗೂ ಚಾಲೂ ಇರೋ ಖಾತೆ ಬೇಕು ಅಂದರು. ಆವಾಗ ಪಾಸ್‌ಬುಕ್ ಹೊರಗೆ ಬಂತು.

ಮೊದಲ ದಿನ ಕೌಂಟರಿನಲ್ಲಿ, "ಕೆವೈಸಿ ಆಗಿಲ್ಲ, ಹೆಬ್ಬೆಟ್ಟು ಇಡು" ಅಂದರು. ಎಪ್ಪತ್ತು ದಾಟಿದ ಹೆಣ್ಣುಮಗಳಿಗೆ "ಇಡು". ಅದೇ ಸಾಲಿನಲ್ಲಿ ಆಯಿಯ ಹಿಂದೆ ನಿಂತಿದ್ದ ಪ್ಯಾಂಟು ಶರ್ಟಿನವರಿಗೆ "ಬರ್ರಿ ಸರ್, ಕೂಡ್ರಿ". ಈ ಏಕವಚನದ ಬಗ್ಗೆ ಬೇರೆಯೇ ಪೋಸ್ಟ್ ಬರೀಬೇಕು, ಈಗ ಬಿಡ್ತೀನಿ. ಹೆಬ್ಬೆಟ್ಟು ಇಟ್ಟರೆ ಮಶೀನು ಒಪ್ಪಲಿಲ್ಲ. ನಾಲ್ಕು ಸಲ, ಐದು ಸಲ, ಬೇರೆ ಬೆರಳು, ಎಡಗೈ ಬೆರಳು. ಕಳೆ ಕಿತ್ತು, ಕಬ್ಬಿನ ರವದಿ ಹೊತ್ತು, ಸೆಗಣಿ ಬಳಿದು ಸವೆದ ಬೆರಳು ಅವು. ರೇಖೆ ಎಲ್ಲಿಂದ ಬರಬೇಕು? "ಆಧಾರ್ ಅಪ್‌ಡೇಟ್ ಮಾಡಿಸ್ಕೊಂಡು ಬಾ" ಅಂತ ಕಳಿಸಿದರು. ಭಾಲ್ಕಿಗೆ ಹೋಗಿ ಆಧಾರ್ ಕೇಂದ್ರದಲ್ಲಿ ಬೆರಳು ಮತ್ತೆ ಕೊಟ್ಟು ಬಂದದ್ದಾಯಿತು. ಬಸ್ಸಿನ ದಾರಿ, ಒಂದು ದಿನದ ಕೂಲಿ ಬಿಟ್ಟ ಮೊಮ್ಮಗ ಜೊತೆಗೆ. ಹೊಸದಾಗಿ ಕೊಟ್ಟರೂ ಸವೆದ ಬೆರಳು ಸವೆದದ್ದೇ. ಬ್ಯಾಂಕಿನ ಮಶೀನು ಎರಡನೇ ಸಲವೂ ಒಪ್ಪಲಿಲ್ಲ.

ಮೂರನೇ ದಿನ ಇನ್ನೊಂದು ಸಲಹೆ ಬಂತು: "ಹಳೇದು ಬಿಡು, ಹೊಸ ಖಾತಾ ತೆಗಿ." ಹೊಸ ಖಾತೆಗೆ ಹಳೆ ರೊಕ್ಕ ತಾನಾಗಿ ನಡೆದುಕೊಂಡು ಬರುತ್ತದಾ? ಹೊರಗೆ ನಿಂತಿದ್ದ ಒಬ್ಬ, "ಐನೂರು ಕೊಡ್ರಿ, ನಾ ಮಾಡಿಸಿ ಕೊಡ್ತೀನಿ" ಅಂದ. ಆಯಿ ನನಗೆ ಫೋನ್ ಮಾಡಿಸಿದ್ದು ಆವಾಗ. "ತಮ್ಮಾ, ನನ್ನ ರೊಕ್ಕ ನನಗ ಕೊಡ್ಲಿಕ್ಕಿ ಐನೂರು ಯಾಕ ಕೊಡ್ಬೇಕು?" ಅಂತ ಕೇಳಿದರು. ಈ ಪ್ರಶ್ನೆಗೆ ಉತ್ತರ ಹುಡುಕಿದ್ದೇ ಈ ಪೋಸ್ಟು.

ಮೊದಲು ತಿಳಿಬೇಕಾದ್ದು: "ಕೆವೈಸಿ ಆಗಿಲ್ಲ" ಅನ್ನೋ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ಬೀಗ ಇರುತ್ತವೆ. ಮೂರಕ್ಕೂ ಬೇರೆ ಬೇರೆ ಕೀಲಿಕೈ. ಯಾವ ಬೀಗ ಬಿದ್ದಿದೆ ಅಂತ ಗೊತ್ತಿಲ್ಲದೆ ಓಡಾಡಿದರೆ ಚಪ್ಪಲಿ ಸವೆಯುತ್ತದೆ ಅಷ್ಟೇ.

ಮೊದಲನೇ ಬೀಗ ನಿಷ್ಕ್ರಿಯತೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಖಾತೆದಾರರ ಕಡೆಯಿಂದ ಯಾವ ವ್ಯವಹಾರವೂ ಆಗದಿದ್ದರೆ ಖಾತೆ ನಿಷ್ಕ್ರಿಯ ಅಂತ ಬ್ಯಾಂಕು ಗುರುತು ಹಾಕುತ್ತದೆ. ಬ್ಯಾಂಕು ತಾನೇ ಬಡ್ಡಿ ಹಾಕಿದ್ದು, ಫೀ ಕಡಿದಿದ್ದು ಇದಕ್ಕೆ ಲೆಕ್ಕಕ್ಕಿಲ್ಲ. ಆಯಿಯ ಖಾತೆಗೆ ಈ ಬೀಗ 2023ರಲ್ಲಿ ಬಿದ್ದಿದೆ.

ಎರಡನೇ ಬೀಗ ಕೆವೈಸಿ ಅವಧಿ ಮುಗಿದದ್ದು. ಅಪಾಯ ಕಡಿಮೆ ಅಂತ ಬ್ಯಾಂಕು ಗುರುತಿಸಿದ ಗಿರಾಕಿಗಳ ಗುರುತಿನ ವಿವರವನ್ನು ಹತ್ತು ವರ್ಷಕ್ಕೊಮ್ಮೆ ಹೊಸದು ಮಾಡಬೇಕು. ಮಧ್ಯಮ ಅಪಾಯದವರಿಗೆ ಎಂಟು, ಹೆಚ್ಚು ಅಪಾಯದವರಿಗೆ ಎರಡು ವರ್ಷ. ಕೂಲಿ ಮಾಡೋ ಮುದುಕಿ ಯಾವ ಲೆಕ್ಕದಲ್ಲೂ ಕಡಿಮೆ ಅಪಾಯದವರೇ. ಜನಧನ್ ಯೋಜನೆ ಶುರುವಾದದ್ದು 2014ರ ಆಗಸ್ಟ್ 28ಕ್ಕೆ. ಆ ಸಮಯದಲ್ಲಿ ಊರೂರಿಗೆ ಕ್ಯಾಂಪ್ ಹಾಕಿ ತೆಗೆದ ಖಾತೆಗಳೆಲ್ಲ 2024, 2025ರಲ್ಲಿ ಒಟ್ಟಿಗೆ ಹತ್ತು ವರ್ಷ ಮುಗಿಸಿದವು. ಈಗ ಎಲ್ಲ ಕೇರಿಗಳಲ್ಲೂ ಒಮ್ಮೆಲೇ ಈ ಗೋಳು ಯಾಕೆ ಅಂತ ಕೇಳ್ತೀರಲ್ಲ, ಕಾರಣ ಇದು. ಆಯಿಯ ಖಾತೆಗೆ ಈ ಬೀಗ 2025ರ ಜನವರಿಯಲ್ಲಿ ಬಿದ್ದಿದೆ.

ಮೂರನೇ ಬೀಗ ಆಧಾರ್ ಜೋಡಣೆ. ಸರ್ಕಾರದ ರೊಕ್ಕ ಯಾವ ಖಾತೆಗೆ ಹೋಗಬೇಕು ಅನ್ನೋದನ್ನು ತೋರಿಸೋ ನಕ್ಷೆ ಎನ್‌ಪಿಸಿಐ ಹತ್ತಿರ ಇರುತ್ತದೆ. ಖಾತೆ ಚಾಲೂ ಇದ್ದೂ ಅಲ್ಲಿ ಜೋಡಣೆ ಇಲ್ಲದಿದ್ದರೆ ಪರಿಹಾರ, ಸಬ್ಸಿಡಿ ಬರೋದಿಲ್ಲ. ಆದರೆ ಸ್ವಂತ ರೊಕ್ಕ ತೆಗೆಯೋಕೂ ಈ ಬೀಗಕ್ಕೂ ಸಂಬಂಧ ಇಲ್ಲ. ಇದನ್ನು ನೋಡೋಕೆ ಆಧಾರಿಗೆ ಜೋಡಿಸಿದ ಮೊಬೈಲ್ ಹಿಡಿದುಕೊಂಡು myAadhaar ಜಾಲತಾಣದಲ್ಲಿ Bank Seeding Status ಒತ್ತಿದರೆ ಸಾಕು.

ಕೌಂಟರಿನಲ್ಲಿ ಈ ಮೂರನ್ನೂ ಕಲಸಿ ಒಂದೇ ಮುದ್ದೆ ಮಾಡುತ್ತಾರೆ. ಹಾಗಾಗಿ ಮೊದಲ ಕೆಲಸ, ಮ್ಯಾನೇಜರ್ ಹತ್ತಿರ ಹೋಗಿ, "ಸರ್, ಖಾತೆ ನಿಷ್ಕ್ರಿಯ ಆಗಿದೆಯೋ, ಕೆವೈಸಿ ಅವಧಿ ಮುಗಿದಿದೆಯೋ, ಆಧಾರ್ ಜೋಡಣೆ ಇಲ್ಲವೋ? ಯಾವುದು, ಯಾವ ತಾರೀಖಿನಿಂದ?" ಅಂತ ಕೇಳೋದು. ಆಯಿಯ ವಿಷಯದಲ್ಲಿ ಕಂಪ್ಯೂಟರ್ ನೋಡಿ ಹೇಳಿದರು: ಮೂರೂ.

ಈಗ ನಿಯಮ ಏನು ಹೇಳುತ್ತದೆ ನೋಡೋಣ.

ನಿಷ್ಕ್ರಿಯ ಖಾತೆಗಳ ಬಗ್ಗೆ ರಿಸರ್ವ್ ಬ್ಯಾಂಕು 2024ರ ಜನವರಿ 1ರಂದು ಹೊಸ ಸೂಚನೆ ಕೊಟ್ಟಿತು, ಏಪ್ರಿಲ್ 1ರಿಂದ ಜಾರಿ. ಸಹಕಾರಿ ಬ್ಯಾಂಕುಗಳಿಗೂ ಅನ್ವಯ. ಅದರಲ್ಲಿ ನಮಗೆ ಬೇಕಾದ್ದು ಹೀಗಿದೆ. ನಿಷ್ಕ್ರಿಯ ಖಾತೆಯಲ್ಲಿ ಕನಿಷ್ಠ ಮೊತ್ತ ಇಲ್ಲ ಅಂತ ದಂಡ ಹಾಕುವಂತಿಲ್ಲ. ಚಾಲೂ ಮಾಡೋಕೆ ಫೀ ಇಲ್ಲ. ಕೆವೈಸಿ ಕೊಡೋಕೆ ಖಾತೆ ಇರೋ ಶಾಖೆಗೇ ಹೋಗಬೇಕೆಂದಿಲ್ಲ, ಅದೇ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಕೊಡಬಹುದು. ಪೂರ್ತಿ ಅರ್ಜಿ ಕೈಸೇರಿದ ಮೂರು ಕೆಲಸದ ದಿನಗಳೊಳಗೆ ಖಾತೆ ಚಾಲೂ ಮಾಡಬೇಕು. ಮುಖ್ಯವಾದದ್ದು ಇನ್ನೊಂದು ಇದೆ: ಸರ್ಕಾರಿ ಯೋಜನೆಗಳ ಫಲಾನುಭವಿಗಳಿಗಾಗಿ ತೆಗೆದ ಶೂನ್ಯ ಶಿಲ್ಕಿನ ಖಾತೆಗಳನ್ನು ಕಂಪ್ಯೂಟರಿನಲ್ಲಿ ಬೇರೆಯಾಗಿ ಗುರುತಿಸಿಡಬೇಕು, ಎರಡು ವರ್ಷ ವ್ಯವಹಾರ ಇಲ್ಲ ಅನ್ನೋ ಕಾರಣಕ್ಕೆ ಅವುಗಳಿಗೆ ನಿಷ್ಕ್ರಿಯದ ಮುದ್ರೆ ಒತ್ತುವಂತಿಲ್ಲ. ಇದನ್ನೇ 2024ರ ಡಿಸೆಂಬರ್ 2ರಂದು ಮತ್ತೊಮ್ಮೆ ಬರೆದು ಬ್ಯಾಂಕುಗಳಿಗೆ ನೆನಪು ಮಾಡಿದರು. ಕೂಲಿ ರೊಕ್ಕ ಬರೋ ಜನಧನ್ ಖಾತೆಗೆ ಆ ಮುದ್ರೆ ಇನ್ನೂ ಯಾಕೆ ಇದೆ ಅಂತ ಮೊದಲು ಉತ್ತರ ಕೊಡಬೇಕಾದವರು ಬ್ಯಾಂಕಿನವರು.

ಕೆವೈಸಿ ಬಗ್ಗೆ 2025ರ ಜೂನ್ 12ರಂದು ತಿದ್ದುಪಡಿ ಆಯಿತು. ಅವಧಿ ಮುಗಿಯುವ ಮೊದಲು ಬ್ಯಾಂಕು ಕನಿಷ್ಠ ಮೂರು ಸಲ ತಿಳಿಸಬೇಕು, ಮುಗಿದ ಮೇಲೂ ಕನಿಷ್ಠ ಮೂರು ಸಲ ನೆನಪಿಸಬೇಕು, ಎರಡೂ ಸಲ ಕನಿಷ್ಠ ಒಂದು ಅಂಚೆ ಪತ್ರ ಇರಬೇಕು, ಕಳಿಸಿದ್ದರ ದಾಖಲೆ ಇಡಬೇಕು. ಇನ್ನೊಂದು, ಕಡಿಮೆ ಅಪಾಯದ ಗಿರಾಕಿಗಳ ಕೆವೈಸಿ ಅವಧಿ ಮುಗಿದಿದ್ದರೂ ಒಂದು ವರ್ಷದವರೆಗೆ ಅಥವಾ 2026ರ ಜೂನ್ 30ರವರೆಗೆ, ಯಾವುದು ಆಮೇಲೆ ಬರುತ್ತದೋ ಅಲ್ಲಿಯವರೆಗೆ, ಎಲ್ಲ ವ್ಯವಹಾರಕ್ಕೂ ಬಿಡಬೇಕು. ಅಂದರೆ 2025ರ ಮಳೆಗಾಲದಲ್ಲಿ ಕೆವೈಸಿ ಕಾರಣ ಹೇಳಿ ಆಯಿಯನ್ನು ತಡೆಯೋ ಹಾಗೇ ಇರಲಿಲ್ಲ. ಪೆಟ್ಟಿಗೆಯೆಲ್ಲ ಹುಡುಕಿದರೂ ಆಯಿಯ ಮನೆಯಲ್ಲಿ ಬ್ಯಾಂಕಿನ ಒಂದು ಕಾಗದವೂ ಸಿಗಲಿಲ್ಲ. "ಪತ್ರ ಕಳಿಸಿದ ದಾಖಲೆ ತೋರಿಸ್ರಿ ಸರ್" ಅಂತ ಕೇಳಿದೆ. ಮ್ಯಾನೇಜರ್ ಸಾಹೇಬರು ಆಮೇಲಿಂದ ಸ್ವಲ್ಪ ಮೆತ್ತಗಾದರು.

ಇನ್ನು ಬೆರಳಿನ ವಿಷಯ. ಇದನ್ನು ಎಲ್ಲರೂ ಬಾಯಿಪಾಠ ಮಾಡಬೇಕು. ಸರ್ಕಾರದ ಸಬ್ಸಿಡಿ ಪಡೆಯೋಕೆ ಆಧಾರ್ ಕೊಡುವವರಿಗೆ ಮುಪ್ಪು, ಕಾಯಿಲೆ, ಗಾಯದ ಕಾರಣದಿಂದ ಬೆರಳಚ್ಚು ಹೊಂದದಿದ್ದರೆ ಏನು ಮಾಡಬೇಕು ಅಂತ ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನದಲ್ಲೇ ಬರೆದಿದೆ. ಬ್ಯಾಂಕು ಆಧಾರ್ ಸಂಖ್ಯೆ ತಗೊಂಡು ಆಫ್‌ಲೈನ್ ಪರಿಶೀಲನೆ ಮಾಡಬೇಕು, ಇಲ್ಲದಿದ್ದರೆ ಬೇರೆ ಅಧಿಕೃತ ದಾಖಲೆಯ ದೃಢೀಕರಿಸಿದ ಪ್ರತಿ ತಗೊಂಡು ಗುರುತು ಖಚಿತ ಮಾಡಬೇಕು. ಈ ಕೆಲಸವನ್ನು ಬ್ಯಾಂಕಿನ ಅಧಿಕಾರಿಯೇ ಮಾಡಬೇಕು, ಹೊರಗಿನ ಏಜೆಂಟ್ ಅಲ್ಲ. ಹೊಸ ಬೆರಳು ತಗೊಂಡು ಬಾ ಅಂತ ಮುದುಕಿಯನ್ನು ಭಾಲ್ಕಿಗೆ ಓಡಿಸು ಅಂತ ಎಲ್ಲೂ ಬರೆದಿಲ್ಲ.

ಅಧಿಕೃತ ದಾಖಲೆ ಅಂದರೆ ಆಧಾರ್ ಒಂದೇ ಅಲ್ಲ. ಮತದಾರರ ಗುರುತಿನ ಚೀಟಿ ನಡೆಯುತ್ತದೆ. ರಾಜ್ಯ ಸರ್ಕಾರದ ಅಧಿಕಾರಿ ಸಹಿ ಮಾಡಿದ ಉದ್ಯೋಗ ಖಾತ್ರಿ ಜಾಬ್ ಕಾರ್ಡ್ ನಡೆಯುತ್ತದೆ. ನಮ್ಮ ಮುದುಕರ ಹತ್ತಿರ ಪಾಸ್‌ಪೋರ್ಟು, ಡ್ರೈವಿಂಗ್ ಲೈಸೆನ್ಸು ಇಲ್ಲದಿರಬಹುದು, ವೋಟರ್ ಕಾರ್ಡು ಇದ್ದೇ ಇರುತ್ತದೆ. ಬರೀ ಬ್ಯಾಂಕ್ ಖಾತೆ ಇಟ್ಟುಕೊಳ್ಳೋಕೆ ಆಧಾರ್ ಕಡ್ಡಾಯ ಅನ್ನೋ ನಿಯಮವನ್ನು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲೇ ತೆಗೆದುಹಾಕಿದೆ. ಸರ್ಕಾರದ ಸಬ್ಸಿಡಿ ಆ ಖಾತೆಗೆ ಬರಬೇಕಾದರೆ ಮಾತ್ರ ಆಧಾರಿನ ಮಾತು ಬರುತ್ತದೆ. ಪ್ಯಾನ್ ಕಾರ್ಡ್ ಇಲ್ಲದವರಿಗೆ ಅದರ ಬದಲು ಘೋಷಣೆಯ ಫಾರ್ಮ್ ಇದೆ, ಆಯಿ ತುಂಬಿದ್ದು ಫಾರ್ಮ್ 60.

ಇಲ್ಲೊಂದು ಗಂಟು ಇತ್ತು. ಪಾಸ್‌ಬುಕ್ಕಿನಲ್ಲಿ ಆಯಿಯ ಹೆಸರಿನ ಕೊನೆಗೆ "ಬಾಯಿ" ಇದೆ, ಆಧಾರಿನಲ್ಲಿ ಇಲ್ಲ. ನಮ್ಮ ಕಡೆ ಇದು ಮನೆಮನೆಯ ಕಥಿ. ಬರೆದವನ ಕೈಗೆ ಬಂದಂತೆ ಒಂದು ಕಡೆ ಬಾಯಿ, ಒಂದು ಕಡೆ ಅವ್ವ, ಒಂದು ಕಡೆ ಗಂಡನ ಹೆಸರು, ಇನ್ನೊಂದು ಕಡೆ ಅಪ್ಪನ ಹೆಸರು. ಹೆಸರು ಬದಲಾದರೆ ಮದುವೆ ಪ್ರಮಾಣಪತ್ರ ಅಥವಾ ಗೆಜೆಟ್ ಪ್ರಕಟಣೆ ತೋರಿಸಬೇಕು ಅನ್ನುತ್ತದೆ ನಿಯಮ. ಐವತ್ತು ವರ್ಷದ ಹಿಂದೆ ಆದ ಮದುವೆಗೆ ಪ್ರಮಾಣಪತ್ರ ಎಲ್ಲಿಂದ ತರೋದು? ಹಾಗಾಗಿ ಆಧಾರ್ ಮುಂದೆ ಚಾಚುವ ಮೊದಲು ಇರೋ ಕಾರ್ಡುಗಳನ್ನೆಲ್ಲ ನೆಲದ ಮೇಲೆ ಹರವಿ, ಪಾಸ್‌ಬುಕ್ಕಿನ ಹೆಸರಿಗೆ ಅಕ್ಷರ ಅಕ್ಷರ ಹೊಂದೋದು ಯಾವುದು ನೋಡಿ. ಆಯಿಯ ವೋಟರ್ ಕಾರ್ಡು ಹೊಂದುತ್ತಿತ್ತು. ಅದನ್ನೇ ಕೊಟ್ಟೆವು.

ಅರ್ಜಿ ಹೀಗಿತ್ತು. ಬೇಕಾದವರು ಹೆಸರು, ಸಂಖ್ಯೆ ಬದಲಿಸಿ ಬಳಸಿಕೊಳ್ಳಿ.

"ಗೆ,
ಶಾಖಾ ವ್ಯವಸ್ಥಾಪಕರು, (ಬ್ಯಾಂಕು, ಶಾಖೆ)

ವಿಷಯ: ನಿಷ್ಕ್ರಿಯವಾಗಿರುವ ಉಳಿತಾಯ ಖಾತೆಯನ್ನು ಚಾಲ್ತಿಗೊಳಿಸಿ ಕೆವೈಸಿ ವಿವರ ನವೀಕರಿಸುವ ಬಗ್ಗೆ.

ಮಾನ್ಯರೇ,

ನಾನು ತಮ್ಮ ಶಾಖೆಯ ಉಳಿತಾಯ ಖಾತೆದಾರಳು. ಖಾತೆ ಸಂಖ್ಯೆ (…). ಸರ್ಕಾರಿ ಯೋಜನೆಯ ಕೂಲಿ ಜಮಾ ಆಗಲು ತೆರೆದ ಜನಧನ್ ಖಾತೆ ಇದು. ಊರಲ್ಲಿ ಇಲ್ಲದ ಕಾರಣ 2021ರ ಮಾರ್ಚ್ ನಂತರ ವ್ಯವಹಾರ ಮಾಡಿಲ್ಲ. ಖಾತೆಯನ್ನು ಮತ್ತೆ ಚಾಲ್ತಿಗೊಳಿಸಬೇಕೆಂದು ಕೋರುತ್ತೇನೆ.

ನನ್ನ ವಿಳಾಸದಲ್ಲಿ ಬದಲಾವಣೆ ಇಲ್ಲ. ಮೊಬೈಲ್ ಸಂಖ್ಯೆ ಬದಲಾಗಿದೆ, ಹೊಸ ಸಂಖ್ಯೆ (…). ಮತದಾರರ ಚೀಟಿಯ ಪ್ರತಿ, ಫಾರ್ಮ್ 60, ಎರಡು ಫೋಟೊ ಲಗತ್ತಿಸಿದ್ದೇನೆ. ಮೂಲ ಚೀಟಿ ತೋರಿಸಿದ್ದೇನೆ.

ವಯಸ್ಸಿನ ಕಾರಣ ನನ್ನ ಬೆರಳಚ್ಚು ಯಂತ್ರದಲ್ಲಿ ಹೊಂದುವುದಿಲ್ಲ. ಕೆವೈಸಿ ನಿರ್ದೇಶನದಂತೆ ಬೇರೆ ಅಧಿಕೃತ ದಾಖಲೆಯ ಮೂಲಕ ತಮ್ಮ ಅಧಿಕಾರಿಯಿಂದ ನನ್ನ ಗುರುತು ಖಚಿತಪಡಿಸಿಕೊಳ್ಳಬೇಕಾಗಿ ವಿನಂತಿ.

ನಿಯಮದಂತೆ ಮೂರು ಕೆಲಸದ ದಿನಗಳೊಳಗೆ, ಶುಲ್ಕವಿಲ್ಲದೆ ಚಾಲ್ತಿಗೊಳಿಸಬೇಕು. ಆಗದಿದ್ದಲ್ಲಿ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ಈ ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿ ನೀಡಬೇಕು.

ಖಾತೆದಾರಳ ಎಡಗೈ ಹೆಬ್ಬೆಟ್ಟಿನ ಗುರುತು, ಇಬ್ಬರು ಸಾಕ್ಷಿಗಳ ಸಹಿ"

ಎರಡು ಪ್ರತಿ ಮಾಡಿಸಿ. ಒಂದು ಅವರಿಗೆ, ಒಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಂಡು ನಿಮ್ಮ ಹತ್ತಿರ. ಸೀಲು ಕೊಡದಿದ್ದರೆ ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯೇ ಸ್ವೀಕೃತಿ. ಕನ್ನಡದಲ್ಲೇ ಬರೀರಿ. "ಇಂಗ್ಲಿಷಿನಲ್ಲಿ ಕೊಡ್ರಿ" ಅನ್ನೋಕೆ ಬರೋದಿಲ್ಲ. ಗಿರಾಕಿಗಳ ಫಾರ್ಮುಗಳನ್ನು ಇಂಗ್ಲಿಷ್, ಹಿಂದಿ ಜೊತೆ ಆ ರಾಜ್ಯದ ಭಾಷೆಯಲ್ಲೂ ಇಡಬೇಕು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಹೆಬ್ಬೆಟ್ಟಿನ ಸಾಕ್ಷಿಗಳಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿಯೇ ಆದರೆ ಆಮೇಲೆ "ಇದು ಯಾರ ಹೆಬ್ಬೆಟ್ಟು" ಅನ್ನೋ ತಕರಾರು ಹುಟ್ಟೋದಿಲ್ಲ.

ಅರ್ಜಿಯಲ್ಲಿ ಸುತ್ತೋಲೆಯ ನಂಬರು ಹಾಕಿಲ್ಲ, ಗಮನಿಸಿದ್ರಾ? ಬೇಕಂತಲೇ ಹಾಕಿಲ್ಲ. 2025ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ತನ್ನ ಹಳೆ ಸುತ್ತೋಲೆಗಳನ್ನೆಲ್ಲ ಒಟ್ಟು ಸೇರಿಸಿ ಹೊಸ ನಿರ್ದೇಶನಗಳಾಗಿ ಮತ್ತೆ ಹೊರಡಿಸಿದೆ. ಹಳೆ ನಂಬರು ಬರೆದರೆ "ಅದು ರದ್ದಾಗ್ಯಾದ" ಅಂತ ವಾಪಸ್ ಕೊಡೋ ಜಾಣರಿದ್ದಾರೆ. ನಿಯಮದ ಸಾರ ಬರೀರಿ, ನಂಬರು ಹುಡುಕೋದು ಅವರ ಕೆಲಸ.

ಆಯಿಯ ಅರ್ಜಿಗೆ ಸೀಲು ಬಿದ್ದದ್ದು ಒಂದು ಸೋಮವಾರ. ಗುರುವಾರದೊಳಗೆ ಆಗಬೇಕಿತ್ತು, ಆಗಲಿಲ್ಲ. ಶುಕ್ರವಾರ ಹೋಗಿ ಸೀಲಿನ ಪ್ರತಿ ತೋರಿಸಿದೆವು. "ಸರ್ವರ್ ಇಲ್ಲ" ಅಂದರು. "ಹಾಗಂತ ಇದರ ಮೇಲೆ ಬರೆದು ಕೊಡ್ರಿ ಸರ್" ಅಂದೆ. ಮರುವಾರ ಮಂಗಳವಾರ ಖಾತೆ ಚಾಲೂ ಆಯಿತು. ಪಾಸ್‌ಬುಕ್ ಪ್ರಿಂಟ್ ಹಾಕಿಸಿ ಸಾಲು ಸಾಲು ನೋಡಿದೆವು. ಮಲಗಿದ್ದ ವರ್ಷಗಳ ಬಡ್ಡಿ ಮೂರು ತಿಂಗಳಿಗೊಮ್ಮೆ ಬಿದ್ದಿತ್ತು. ಈ ಪ್ರಿಂಟ್ ಹಾಕಿಸದೆ ಬರಬೇಡಿ. ಬಡ್ಡಿಯ ಸಾಲು ಇದೆಯಾ, ದಂಡದ ಸಾಲು ಇದೆಯಾ ಅಂತ ಕಣ್ಣಿಗೆ ಕಾಣೋದು ಅಲ್ಲೇ. ದಂಡ ಕಡಿದಿದ್ದರೆ ವಾಪಸ್ ಹಾಕಿ ಅಂತ ಇನ್ನೊಂದು ಅರ್ಜಿ.

ಅದೇ ದಿನ ಆಯಿ ರೊಕ್ಕ ತೆಗೆದರು, ಪತ್ರಾ ತರೋಕೆ ಬೇಕಾದಷ್ಟು ಮಾತ್ರ. ಉಳಿದದ್ದು ಖಾತೆಯಲ್ಲೇ ಬಿಟ್ಟರು. ಇನ್ನು ವರ್ಷಕ್ಕೊಮ್ಮೆ ನೂರು ರೂಪಾಯಿ ಹಾಕಿ ತೆಗೆದರೂ ಖಾತೆ ಮತ್ತೆ ಮಲಗೋದಿಲ್ಲ.

ಆಧಾರ್ ಜೋಡಣೆಯ ಮೂರನೇ ಬೀಗಕ್ಕೆ ಬೇರೆ ಒಪ್ಪಿಗೆ ಪತ್ರ ಕೊಡಬೇಕಾಯಿತು. ಹೆಸರಿನ "ಬಾಯಿ" ಇಲ್ಲಿ ಮತ್ತೆ ಅಡ್ಡ ಬಂತು. ಆಧಾರಿನಲ್ಲಿ ಹೆಸರು ತಿದ್ದಿಸಿದ ಮೇಲೇ ಅದು ಆದದ್ದು, ಅದಕ್ಕೆ ಇನ್ನೊಂದು ತಿಂಗಳು ಹಿಡಿಯಿತು. ಆದರೆ ಆ ತಿಂಗಳು ಆಯಿಯ ಸ್ವಂತ ರೊಕ್ಕ ತಡೆದು ನಿಲ್ಲಿಸಿರಲಿಲ್ಲ. ಬೀಗಗಳನ್ನು ಬೇರೆ ಬೇರೆ ಮಾಡಿ ನೋಡಿ ಅಂತ ಹೇಳಿದ್ದು ಇದಕ್ಕೇ.

ಹಾಸಿಗೆ ಹಿಡಿದವರಿದ್ದರೆ ಎತ್ತಿಕೊಂಡು ಬ್ಯಾಂಕಿಗೆ ಹೋಗಬೇಡಿ. ಎಪ್ಪತ್ತು ದಾಟಿದವರಿಗೆ, ಅಂಗವಿಕಲರಿಗೆ, ನಡೆಯಲಾಗದವರಿಗೆ ಮನೆ ಬಾಗಿಲಲ್ಲೇ ಸೇವೆ ಕೊಡಲು ಬ್ಯಾಂಕುಗಳು ಶ್ರಮಿಸಬೇಕು ಅಂತ 2017ರ ನವೆಂಬರ್ 9ರ ಸೂಚನೆ ಇದೆ. ಆ ಪಟ್ಟಿಯಲ್ಲಿ ಕೆವೈಸಿ ಕಾಗದ ತಗೊಳ್ಳೋದೂ ಸೇರಿದೆ. 2025ರ ಜೂನಿನ ತಿದ್ದುಪಡಿಯ ಮೇಲೆ ಊರಿನ ಬ್ಯಾಂಕ್ ಮಿತ್ರರ ಮೂಲಕವೂ ಕೆವೈಸಿ ನವೀಕರಣ ಮಾಡಿಸಬಹುದು. ಅರ್ಜಿಯಲ್ಲಿ ಒಂದು ಸಾಲು ಸೇರಿಸಿ: "ನಾನು ಬರಲಾರೆ, ಮನೆಗೆ ಬಂದು ಪಡೆಯಬೇಕು."

ಇನ್ನೂ ಹಳೆ ಪಾಸ್‌ಬುಕ್ ಇದ್ದವರಿಗೆ ಒಂದು ಮಾತು. ನಮ್ಮ ಜಿಲ್ಲೆಯ ಪೆಟ್ಟಿಗೆಗಳಲ್ಲಿ ಈಗ ಇಲ್ಲದ ಬ್ಯಾಂಕುಗಳ ಪಾಸ್‌ಬುಕ್ ಬಹಳ ಇವೆ. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ಕ್ಕೆ ಎಸ್‌ಬಿಐನಲ್ಲಿ ಸೇರಿತು. ಕೃಷ್ಣಾ ಗ್ರಾಮೀಣ ಬ್ಯಾಂಕು 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕು ಆಯಿತು, 2025ರ ಮೇ 1ಕ್ಕೆ ವಿಕಾಸ ಗ್ರಾಮೀಣ ಬ್ಯಾಂಕೂ ಅದರ ಜೊತೆ ಸೇರಿತು. ಬೋರ್ಡು ಬದಲಾದರೆ ಸಾಲ ಮಾಫಿ ಆಗುತ್ತದಾ? ಇಲ್ಲ. ಹಾಗೇ ಠೇವಣಿಯೂ ಹೋಗೋದಿಲ್ಲ. ಹಳೆ ಪಾಸ್‌ಬುಕ್ಕಿನ ನಕಲನ್ನು ಈಗಿನ ಬ್ಯಾಂಕಿಗೆ ಕೊಟ್ಟು ಹೊಸ ಖಾತೆ ಸಂಖ್ಯೆ ಕೇಳಿ.

ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ರೊಕ್ಕವನ್ನು ಬ್ಯಾಂಕು ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಕಳಿಸುತ್ತದೆ. 2014ರಿಂದ ಈ ನಿಧಿ ಇದೆ. ಅಲ್ಲಿಗೆ ಹೋದರೂ ರೊಕ್ಕ ನಿಮ್ಮದೇ. ಅದೇ ಬ್ಯಾಂಕಿಗೆ ಅರ್ಜಿ ಕೊಟ್ಟರೆ ಬ್ಯಾಂಕು ನಿಮಗೆ ಕೊಟ್ಟು ನಿಧಿಯಿಂದ ತಾನು ವಾಪಸ್ ಪಡೆಯುತ್ತದೆ. udgam.rbi.org.in ನಲ್ಲಿ ಹೆಸರು ಹಾಕಿ ಹುಡುಕಬಹುದು. ಆದರೆ ಎಲ್ಲ ಬ್ಯಾಂಕೂ ಅದರಲ್ಲಿಲ್ಲ, ಅಲ್ಲಿ ಸಿಗಲಿಲ್ಲ ಅಂತ ಕೈಬಿಡಬೇಡಿ, ಶಾಖೆಗೇ ಬರೆದು ಕೇಳಿ.

ಖಾತೆ ಚಾಲೂ ಆದ ದಿನವೇ ನಾಮಿನಿ ಬರೆಸಿ. 2025ರ ನವೆಂಬರ್ 1ರಿಂದ ನಾಲ್ಕು ಜನರವರೆಗೆ ಬರೆಸಬಹುದು. ಆಯಿ ಮಗಳನ್ನೂ ಮೊಮ್ಮಗನನ್ನೂ ಬರೆಸಿದರು.

ಮತ್ತೂ ಮಾಡಲಿಲ್ಲ ಅಂದರೆ? ಬ್ಯಾಂಕಿಗೇ ಲಿಖಿತ ದೂರು ಕೊಡಿ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಇಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಹಾಕಿ. ಸಹಾಯಕ್ಕೆ 14448ಕ್ಕೆ ಫೋನ್ ಮಾಡಬಹುದು. ಫೀ ಇಲ್ಲ, ವಕೀಲರು ಬೇಡ. ಬ್ಯಾಂಕಿಗೆ ಮೊದಲು ದೂರು ಕೊಡದೆ ನೇರ ಅಲ್ಲಿ ಹೋದರೆ ತಿರಸ್ಕಾರ ಆಗುತ್ತದೆ. ಅಲ್ಲೂ ಕೇಳೋದು ಅದೇ ಸೀಲಿನ ಪ್ರತಿ.

ಈಗ ನನ್ನ ಸಿಟ್ಟು. 2025ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಪಂಚಾಯ್ತಿ ಮಟ್ಟದಲ್ಲಿ ಕೆವೈಸಿ ಕ್ಯಾಂಪು ಅಂತ ದೇಶ ತುಂಬಾ ನಡೆಸಿದರು. ಒಳ್ಳೇದೇ. ಆದರೆ ಕ್ಯಾಂಪು ಪಂಚಾಯ್ತಿ ಕಟ್ಟೆಗೆ ಬಂದರೆ ಕೇರಿಗೆ ಬಂದಂತಲ್ಲ. ಖಾತೆ ತೆರೆಯುವಾಗ ಮನೆಮನೆ ಹುಡುಕಿಕೊಂಡು ಬಂದು ಹೆಬ್ಬೆಟ್ಟು ಒತ್ತಿಸಿಕೊಂಡರು, ಯಾಕೆಂದರೆ ಎಷ್ಟು ಖಾತೆ ಅನ್ನೋ ಲೆಕ್ಕ ಮೇಲಕ್ಕೆ ಹೋಗಬೇಕಿತ್ತು. ಅದೇ ಹೆಬ್ಬೆಟ್ಟು ಈಗ ಹೊಂದೋದಿಲ್ಲ ಅಂದಾಗ ಹುಡುಕಿಕೊಂಡು ಬರೋರು ಯಾರೂ ಇಲ್ಲ. ಖಾತೆದಾರರನ್ನು ಹುಡುಕಿ ತಿಳಿಸೋ ಹೊಣೆ ನಿಯಮ ಬ್ಯಾಂಕಿನ ಮೇಲೆ ಹಾಕಿದೆ. ಆ ಹೊಣೆಯನ್ನು ಸದ್ದಿಲ್ಲದೆ ಎಪ್ಪತ್ನಾಲ್ಕರ ಮುದುಕಿಯ ಬೆನ್ನಿಗೆ ಹೊರಿಸಿ, ಮೇಲೆ "ಇವರಿಗೆ ಏನೂ ತಿಳಿಯೋದಿಲ್ಲ" ಅಂತಾರೆ.

ನಮ್ಮ ಸಂಘಟನೆಗಳಿಗೂ ಒಂದು ಮಾತು. ಏಪ್ರಿಲ್ 14ಕ್ಕೆ ಬ್ಯಾನರ್ ಕಟ್ಟೋ ಹುಡುಗರಲ್ಲಿ ಓದು ಬರಹ ಬಂದವರು ಇಬ್ಬರು ಕೇರಿಯ ಪಾಸ್‌ಬುಕ್ಕುಗಳ ಪಟ್ಟಿ ಮಾಡಿ: ಯಾರದು, ಯಾವ ಬ್ಯಾಂಕು, ಕೊನೆಯ ವ್ಯವಹಾರ ಯಾವಾಗ, ಹೆಸರು ಹೊಂದೋ ಕಾರ್ಡು ಯಾವುದು. ನಾಲ್ಕು ಕಾಲಂ ಸಾಕು. ಇಪ್ಪತ್ತು ಅರ್ಜಿ ಒಂದೇ ದಿನ ಒಂದೇ ಶಾಖೆಗೆ ಕೊಟ್ಟು ಇಪ್ಪತ್ತು ಸೀಲು ತಗೊಳ್ಳಿ. ಒಬ್ಬಳೇ ಮುದುಕಿಗೆ "ಇಡು, ಬಾ, ಹೋಗು" ಅನ್ನೋ ಕೌಂಟರು ಇಪ್ಪತ್ತು ಜನರಿಗೆ "ಬರ್ರಿ" ಅನ್ನುತ್ತದೆ.

ರೂಪಾಯಿಯ ಸಮಸ್ಯೆ ಬಗ್ಗೆ 1923ರಲ್ಲೇ ಪುಸ್ತಕ ಬರೆದವರ ಮಕ್ಕಳು ನಾವು. ನಮ್ಮ ಆಯಿಯ ಹದಿನಾಲ್ಕು ಸಾವಿರ ರೂಪಾಯಿಯ ಲೆಕ್ಕ ಕೇಳೋಕೆ ಹಿಂಜರಿಯಬಾರದು.

ಅರ್ಜಿಯ ನಮೂನೆ ಕಾಪಿ ಮಾಡ್ಕೊಳ್ಳಿ, ಶೇರ್ ಮಾಡಿ. ಎಲ್ಲಾದರೂ ಸೀಲು ಕೊಡಲ್ಲ ಅಂದರೆ ಇನ್‌ಬಾಕ್ಸಿಗೆ ಬನ್ನಿ, ಖಾತೆ ಸಂಖ್ಯೆ ಕಮೆಂಟಿನಲ್ಲಿ ಹಾಕಬೇಡಿ.

ಜೈ ಭೀಮ್.